ಪ್ರತಿನಾನು

ತಪ್ಪು ಮಾಡಿದ್ದು ನಾನೇ, ಮೊದಲೇ ಹೇಳಿಬಿಡುತ್ತೇನೆ.

ವಕೀಲರ ಕಚೇರಿಯಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಆ ದಿನ ನಮ್ಮ ಸರ್ ಒಂದು ದಾವೆಯ ಕರಡನ್ನು ಕೊಟ್ಟು, "ಇದರಿಂದಲೇ ಅಫಿಡವಿಟ್ ಮಾಡಿಬಿಡಿ, ನಾಳೆ ಬೆಳಿಗ್ಗೆ ಅಮ್ಮ ಸಹಿಗೆ ಬರ್ತಾರೆ" ಎಂದರು. ಅಮ್ಮ ಎಂದರೆ ನಮ್ಮ ಕಕ್ಷಿದಾರರು, ನಿವೃತ್ತ ಶಿಕ್ಷಕಿ. ಮೇಲಿನ ಮನೆಯ ಬಚ್ಚಲಿನಿಂದ ಅವರ ಮಲಗುವ ಕೋಣೆಗೆ ನೀರು ಸೋರುತ್ತಿತ್ತು. ಹೇಳಿ ಹೇಳಿ ಸಾಕಾಗಿ ಕೋರ್ಟಿಗೆ ಬಂದಿದ್ದರು.

ದಾವೆ ಬರೆಯುವುದು ಪ್ರಥಮ ಪುರುಷದಲ್ಲಿ. "ವಾದಿಯು ಹೀಗೆ ಮಾಡಿದರು, ಪ್ರತಿವಾದಿಯು ಹಾಗೆ ಹೇಳಿದರು" ಎಂದು ಸಾಗುತ್ತದೆ. ಅಫಿಡವಿಟ್ ಹಾಗಲ್ಲ. ಪ್ರಮಾಣ ಮಾಡುವವರೇ "ನಾನು" ಎಂದು ಮಾತಾಡಬೇಕು. ಸುಲಭ ಅಂದುಕೊಂಡೆ. ಕಂಪ್ಯೂಟರಿನಲ್ಲಿ "ವಾದಿ" ಹುಡುಕಿ ಎಲ್ಲ ಕಡೆ "ನಾನು" ಎಂದು ಬದಲಿಸು ಎಂದೆ. ಒಂದೇ ಕ್ಷಣ. ತೆರೆದು ನೋಡಿದರೆ ಮೊದಲ ಪುಟದಲ್ಲೇ "ನಾನುಯು ಮೇಲಿನ ಮನೆಗೆ ಹೋಗಿ ಪ್ರತಿನಾನುಗೆ ತಿಳಿಸಿದರು" ಎಂದಿತ್ತು. ಪ್ರತಿವಾದಿಯ ಹೊಟ್ಟೆಯಲ್ಲೂ ಒಬ್ಬ ವಾದಿ ಇದ್ದಾನೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಪ್ರತಿನಾನು" ಕಣ್ಣಿಗೆ ಹೊಡೆಯುತ್ತದೆ, ನಕ್ಕು ತಿದ್ದಬಹುದು. ತೊಂದರೆ ಕೊಡುವುದು ಕಣ್ಣಿಗೆ ಬೀಳದವು. ದಾವೆಯಲ್ಲಿ "ವಾದಿಯು ಮೇಲೆ ಹೋಗಿ ಅವರ ಮಲಗುವ ಕೋಣೆ ಒದ್ದೆಯಾಗಿರುವುದನ್ನು ತಿಳಿಸಿದರು" ಎಂದಿತ್ತು. ಅಲ್ಲಿ "ಅವರ" ಎಂದರೆ ವಾದಿಯ. ನಾನು "ವಾದಿಯು" ತೆಗೆದು "ನಾನು" ಹಾಕಿದೆ, ಕ್ರಿಯಾಪದವನ್ನು "ತಿಳಿಸಿದೆ" ಮಾಡಿದೆ. "ಅವರ" ಹಾಗೇ ಉಳಿಯಿತು. ಈಗ ಒದ್ದೆಯಾದದ್ದು ಮೇಲಿನ ಮನೆಯವರ ಕೋಣೆ! ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಸುಮ್ನೆ ಓದುತ್ತಾ ಹೋದರೆ ಸಿಗುವುದೇ ಇಲ್ಲ.

ಅಂದಿನಿಂದ ಮೊದಲ ಓದನ್ನು ಪುರುಷಕ್ಕೆ ಮಾತ್ರ ಮೀಸಲಿಟ್ಟಿದ್ದೇನೆ. ಪ್ರತಿ ವಾಕ್ಯದ ಕೊನೆಯ ಪದ ನೋಡುತ್ತೇನೆ. ಕನ್ನಡದಲ್ಲಿ ಕ್ರಿಯಾಪದವೇ ಯಾರು ಮಾಡಿದರು ಎಂದು ಹೇಳಿಬಿಡುತ್ತದಲ್ಲ. ಆಮೇಲೆ "ಅವರು", "ಅವರ", "ತಮ್ಮ" ಎಂದಿರುವ ಕಡೆಯೆಲ್ಲ ಪೆನ್ಸಿಲ್‌ನಲ್ಲಿ ಗುಂಡು ಸುತ್ತಿ, ಪಕ್ಕದಲ್ಲಿ ಅದು ಯಾರು ಎಂದು ಬರೆಯುತ್ತೇನೆ. ಬರೆಯಲು ಕೈ ತಡೆದರೆ ಅಲ್ಲಿ ಹೆಸರೋ "ಪ್ರತಿವಾದಿ" ಎಂದೋ ಹಾಕಲೇಬೇಕು.

ಐದನೇ ಪ್ಯಾರಾಕ್ಕೆ ಬಂದಾಗ ಕೈ ತಡೆಯಿತು. "ಪ್ರತಿವಾದಿಯು ನಾನು ಖರ್ಚು ಕೊಡುತ್ತೇನೆ ಎಂದು ಹೇಳಿದರು." ಖರ್ಚು ಕೊಡುವವರು ಯಾರು? ಮಾತಿನಲ್ಲಿ ನಾವು ದಿನಾ ಹೀಗೇ ಹೇಳುತ್ತೇವೆ, ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ ಇಡೀ ಅಫಿಡವಿಟ್‌ನಲ್ಲಿ "ನಾನು" ಎಂದರೆ ಅಮ್ಮ. ಈ ಒಂದು ಕಡೆ ಮಾತ್ರ ಮೇಲಿನ ಮನೆಯವರು. ಎದುರು ಪಕ್ಷದ ವಕೀಲರು ಇದನ್ನೇ ಹಿಡಿದು, "ಖರ್ಚು ನಾನೇ ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೀರಲ್ಲ" ಎಂದು ಕೇಳಿದರೆ? ಇದಕ್ಕೆ ಎರಡು ದಾರಿ. ಅವರ ಬಾಯಿಂದ ಬಂದ ಮಾತು ಚೆನ್ನಾಗಿ ನೆನಪಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಗೇ ಇಡಬೇಕು. ಇಲ್ಲದಿದ್ದರೆ "ರಿಪೇರಿಯ ಖರ್ಚನ್ನು ತಾವೇ ಕೊಡುವುದಾಗಿ ಪ್ರತಿವಾದಿ ಹೇಳಿದರು" ಎಂದು ತಿರುಗಿಸಬೇಕು. ಯಾವುದು ಎಂದು ನಾನು ತೀರ್ಮಾನಿಸುವ ಹಾಗಿಲ್ಲ. ಪ್ರಶ್ನೆಗಳ ಪಟ್ಟಿಯಲ್ಲಿ ಬರೆದಿಟ್ಟೆ.

ಎರಡನೇ ಓದು ಕಾಲಕ್ಕೆ. ಇಲ್ಲಿ ಸರ್ ಜೊತೆ ಸಣ್ಣ ಜಗಳವೇ ಆಯಿತು. ಕರಡಿನ ತುಂಬ "ಇರುತ್ತೇನೆ, ಇರುತ್ತಾರೆ". ಜೂನ್ 5ರಂದು ಹೋಗಿ ಮಾತನಾಡಿರುತ್ತೇನೆ. ಪ್ರತಿವಾದಿಯು ಒಪ್ಪಿರುತ್ತಾರೆ. ನೀರು ಸೋರುತ್ತಿರುತ್ತದೆ.

"ಸರ್, ಇದನ್ನೆಲ್ಲ ಬದಲಿಸಲಾ?" ಎಂದೆ.

"ಅದು ಕೋರ್ಟ್ ಭಾಷೆ ಕಣಮ್ಮ. ಹಾಗೇ ಇರಲಿ."

"ಬಸ್ಸು ಇಷ್ಟೊತ್ತಿಗೆ ಬಂದಿರುತ್ತದೆ ಅಂದ್ರೆ ಏನರ್ಥ ಸರ್?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಂದಿರಬಹುದು ಎಂಬುದು ಅರ್ಥ. ನೋಡಿಲ್ಲ, ಊಹೆ. ಆಡುಮಾತಿನಲ್ಲಿ ಊಹೆಗೆ ಬಳಸುವ ರೂಪವನ್ನೇ ಪ್ರಮಾಣ ಮಾಡಿ ಹೇಳುವ ಮಾತಿಗೂ ಬಳಸಿದರೆ ಹೇಗೆ? "ಪ್ರತಿವಾದಿಯು ಒಪ್ಪಿರುತ್ತಾರೆ" ಎಂದಾಗ ಒಪ್ಪಿದರೋ, ಒಪ್ಪಿರಬಹುದೋ? ಇನ್ನೊಂದು ಕಷ್ಟ ಎಂದರೆ ಈ ರೂಪ ಕಾಲವನ್ನೇ ನುಂಗಿಹಾಕುತ್ತದೆ. "ಸೋರುತ್ತಿರುತ್ತದೆ" ಎಂದರೆ ಆಗ ಸೋರುತ್ತಿತ್ತೋ, ಈಗಲೂ ಸೋರುತ್ತಿದೆಯೋ, ಆಗಾಗ ಸೋರುತ್ತದೆಯೋ? ಮೂರೂ ಬೇರೆ ಬೇರೆ ಸಂಗತಿ.

"ಸರಿ, ನಿಮ್ಮಿಷ್ಟ. ಆದ್ರೆ 'ಪ್ರಮಾಣ ಮಾಡಿ ಹೇಳುವುದೇನೆಂದರೆ' ಮುಟ್ಟಬೇಡಿ" ಎಂದರು. ಅದನ್ನು ಮುಟ್ಟುವ ಉದ್ದೇಶ ನನಗೂ ಇರಲಿಲ್ಲ.

ನಾನು ಇಟ್ಟುಕೊಂಡ ಅಳತೆ ಇಷ್ಟೇ. ದಿನಾಂಕ ಇರುವ, ಮುಗಿದುಹೋದ ಘಟನೆಗೆ ಸರಳ ಭೂತಕಾಲ: ಹೋದೆ, ಹೇಳಿದೆ, ನೋಡಿದೆ. ಸಹಿ ಹಾಕುವ ದಿನವೂ ನಿಜವಾಗಿರುವ ಸಂಗತಿಗೆ ವರ್ತಮಾನ: ವಾಸವಾಗಿದ್ದೇನೆ, ಗೋಡೆಯಲ್ಲಿ ಕಲೆ ಇದೆ. ಆಗ ಶುರುವಾಗಿ ಈಗಲೂ ನಡೆಯುತ್ತಿರುವುದಕ್ಕೆ ಎರಡು ತುದಿಯನ್ನೂ ಬಿಡಿಸಿ ಹೇಳಬೇಕು. "ಗಮನಿಸಲಾಯಿತು", "ತಿಳಿಸಲಾಯಿತು" ಎಂದಿದ್ದ ಕಡೆ "ನಾನು ಗಮನಿಸಿದೆ" ಮಾಡಿದೆ. ಯಾರು ಗಮನಿಸಿದರು ಎಂದು ಹೇಳದ ವಾಕ್ಯ ಅಫಿಡವಿಟ್‌ನಲ್ಲಿ ಇದ್ದೂ ಇಲ್ಲದ ಹಾಗೆ.

ಇಷ್ಟಾದ ಮೇಲೆ ಪಟ್ಟಿ ಹಿಡಿದು ಅಮ್ಮನಿಗೆ ಫೋನ್ ಮಾಡಿದೆ. ಖರ್ಚಿನ ಮಾತು ಅವರಿಗೆ ಅಕ್ಷರಶಃ ನೆನಪಿರಲಿಲ್ಲ. ಹಾಗಾಗಿ "ತಾವೇ ಕೊಡುವುದಾಗಿ" ಎಂದು ನಿಂತಿತು. ಆಮೇಲೆ ಕೇಳಿದೆ: "ಅಮ್ಮ, 'ಇಂದಿಗೂ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿದೆ' ಅಂತ ಬರೆದಿದೆ. ಈಗ್ಲೂ ತೊಟ್ಟಿಕ್ತಾ ಇದೆಯಾ?"

"ಇಲ್ಲಮ್ಮ. ನಾಲ್ಕು ದಿನದಿಂದ ನಿಂತಿದೆ. ಅವರು ಊರಲ್ಲಿಲ್ಲ ಅನ್ಸುತ್ತೆ. ಆದ್ರೆ ಗೋಡೆ ಮುಟ್ಟಿದ್ರೆ ಹಸಿ ಹಸಿ."

ಕರಡು ಬರೆದು ಎರಡು ವಾರ ಆಗಿತ್ತು. ಬರೆದ ದಿನ ಆ ವಾಕ್ಯ ಸರಿಯಾಗಿಯೇ ಇತ್ತು. ಸಹಿ ಹಾಕುವ ದಿನ ಅದು ಸುಳ್ಳಾಗುತ್ತಿತ್ತು, ಅದೂ ಪ್ರಮಾಣ ಮಾಡಿ ಹೇಳಿದ ಸುಳ್ಳು. ಅವರ ಮಾತಿನಿಂದಲೇ ಹೊಸದಾಗಿ ಬರೆದೆ: "ನಾಲ್ಕು ದಿನಗಳ ಹಿಂದಿನವರೆಗೆ ಚಾವಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಈಗ ನಿಂತಿದೆ. ಗೋಡೆ ಇನ್ನೂ ಹಸಿಯಾಗಿದೆ." "ಅವರು ಊರಲ್ಲಿಲ್ಲ ಅನ್ಸುತ್ತೆ" ಎಂಬುದನ್ನು ಸೇರಿಸಲಿಲ್ಲ, ಅದು ಅವರ ಊಹೆ. "ನಾಲ್ಕು ದಿನ" ಎಂಬುದೂ ಸರಿ ಕಾಣಲಿಲ್ಲ. ಸಹಿ ಒಂದು ದಿನ ಮುಂದೆ ಹೋದರೆ ಲೆಕ್ಕ ತಪ್ಪುತ್ತದೆ. ಮತ್ತೆ ಫೋನ್ ಮಾಡಿ ತಾರೀಖನ್ನೇ ಕೇಳಿ ಹಾಕಿದೆ.

ಅಂಕಿಗಳ ಓದು ಕೊನೆಗೇ ಬರಬೇಕು. ಪ್ಯಾರಾ ಸೇರಿಸುವುದು, ಒಡೆಯುವುದು ಎಲ್ಲ ಮುಗಿಯದೆ ಅದನ್ನು ನೋಡಿ ಪ್ರಯೋಜನವಿಲ್ಲ. ನಮ್ಮ ಕರಡಿನಲ್ಲಿ 12 ಪ್ಯಾರಾ ಇದ್ದವು. ಏಳರಲ್ಲಿ ಜೂನ್ 20ರಂದು ಪ್ಲಂಬರ್ ಬಂದು ನೋಡಿದ ಸಂಗತಿ. ಎಂಟರಲ್ಲಿ ಮೇಲಿನ ಬಚ್ಚಲಿನ ಪೈಪಿನ ಜಾಯಿಂಟ್ ಒಡೆದಿದೆ ಎಂದು ಅವನು ಹೇಳಿದ್ದು. ಕೊನೆಯ ಹನ್ನೆರಡನೆಯದು ಹೀಗಿತ್ತು: "1ರಿಂದ 7 ಮತ್ತು 9ರಿಂದ 11ನೇ ಪ್ಯಾರಾಗಳಲ್ಲಿ ಹೇಳಿರುವುದು ನನಗೆ ಸ್ವತಃ ತಿಳಿದ ಸಂಗತಿ. 8ನೇ ಪ್ಯಾರಾ ಪ್ಲಂಬರ್ ನೀಡಿದ ಮಾಹಿತಿ, ಅದು ನಿಜವೆಂದು ನಂಬಿದ್ದೇನೆ." ಅಚ್ಚುಕಟ್ಟಾದ ಪ್ಯಾರಾ. ಅಮ್ಮ ಮೇಲಿನ ಮನೆಯ ಪೈಪನ್ನು ಕಣ್ಣಾರೆ ಕಂಡಿಲ್ಲ, ಅದನ್ನು ಪ್ರಾಮಾಣಿಕವಾಗಿ ಬೇರೆ ಇಟ್ಟಿದ್ದರು.

ಸಂಜೆ ಸರ್ ನಾಲ್ಕರ ನಂತರ ಒಂದು ಪ್ಯಾರಾ ಸೇರಿಸಿದರು, ಜೂನ್ 9ರಂದು ಅಮ್ಮ ಎರಡನೇ ಸಲ ಹೋಗಿ ಹೇಳಿದ್ದು. ಎಡಗಡೆಯ ಅಂಕಿಗಳು ತಾವಾಗಿಯೇ ಮುಂದೆ ಸರಿದು 13 ಆದವು. ನೋಡಲು ಎಲ್ಲ ಚೆಂದ. ಆದರೆ ವಾಕ್ಯಗಳ ಒಳಗೆ ಕೈಯಿಂದ ಟೈಪ್ ಮಾಡಿದ ಅಂಕಿಗಳು ಸರಿಯಲಿಲ್ಲ.

ಕೊನೆಯ ಪ್ಯಾರಾದ ಪಕ್ಕ ಬೆರಳಿಟ್ಟು ಒಂದೊಂದೇ ಹೋಲಿಸಿದೆ. ಪೈಪಿನ ಮಾತು ಈಗ ಒಂಬತ್ತರಲ್ಲಿದೆ. ಒಂಬತ್ತು "ಸ್ವತಃ ತಿಳಿದ" ಪಟ್ಟಿಯಲ್ಲಿದೆ! ಎಂಟರಲ್ಲಿ ಈಗ ಪ್ಲಂಬರ್ ಬಂದದ್ದು ಇದೆ, ಅಮ್ಮ ಬಾಗಿಲು ತೆಗೆದು ಒಳಗೆ ಕರೆದದ್ದು. ಅದು ಪ್ಲಂಬರ್ ಹೇಳಿ ಗೊತ್ತಾದದ್ದು ಎಂದಾಗಿದೆ. ಹನ್ನೆರಡರಲ್ಲಿ ಈಗಿನ ಹಾನಿಯ ವಿವರ ಇದೆ, ಅದು ಯಾವ ಪಟ್ಟಿಯಲ್ಲೂ ಇಲ್ಲ. ಕಾಣದ ಪೈಪನ್ನು ಕಂಡೆ ಎಂದೂ, ಕಂಡ ಪ್ಲಂಬರನ್ನು ಕೇಳಿ ತಿಳಿದೆ ಎಂದೂ ಅಮ್ಮ ಪ್ರಮಾಣ ಮಾಡಬೇಕಾಗುತ್ತಿತ್ತು. ಪಾಟೀಸವಾಲಿನಲ್ಲಿ "ಆ ಪೈಪ್ ನೀವು ಯಾವಾಗ ನೋಡಿದಿರಿ?" ಎಂಬ ಒಂದೇ ಪ್ರಶ್ನೆ ಸಾಕಿತ್ತು.

"1ರಿಂದ 8 ಮತ್ತು 10ರಿಂದ 12", "9ನೇ ಪ್ಯಾರಾ" ಎಂದು ತಿದ್ದಿದೆ. ಫೋಟೋಗಳ ಪ್ಯಾರಾ ಆರರಿಂದ ಏಳಕ್ಕೆ ಹೋಗಿತ್ತು. ಅದನ್ನು ಹೆಸರಿಸಿದ್ದ ಕಡೆ, ಫೋಟೋಗಳ ಹಿಂದೆ ಬರೆದದ್ದು, ಎಲ್ಲವನ್ನೂ ಬದಲಿಸಿದೆ. ಈಗ ಇಂಥ ಅಂಕಿಗಳನ್ನು ಕೈಯಿಂದ ಟೈಪ್ ಮಾಡುವುದಿಲ್ಲ, ವರ್ಡ್‌ನ `Cross-reference` ಬಳಸುತ್ತೇನೆ. ಪ್ರಿಂಟಿಗೆ ಮೊದಲು `Ctrl+A` ಒತ್ತಿ `F9` ಒತ್ತಿದರೆ ಅವು ಹೊಸ ಅಂಕಿ ತೆಗೆದುಕೊಳ್ಳುತ್ತವೆ. ಆದರೂ "1ರಿಂದ 8" ಎಂಬ ವಿಂಗಡಣೆ ಸರಿಯೇ ಎಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಬೆರಳೇ ಬೇಕು.

ಮರುದಿನ ಅಮ್ಮ ಬಂದರು. ಕನ್ನಡಕ ಹಾಕಿಕೊಂಡು, ಹೋಂವರ್ಕ್ ತಿದ್ದುವ ಹಾಗೆ ಪೂರ್ತಿ ಗಟ್ಟಿಯಾಗಿ ಓದಿದರು. ಎಲ್ಲೂ ತಡವರಿಸಲಿಲ್ಲ. ಪ್ರಮಾಣ ಬೋಧಿಸುವ ಅಧಿಕಾರಿಯ ಎದುರು ಕುಳಿತು, ಪ್ರತಿ ಪುಟಕ್ಕೂ ಸಹಿ ಹಾಕುತ್ತಾ ಬಂದವರು ಫೋಟೋಗಳ ಮೇಲಿನ ಹಾಳೆಗೆ ಬಂದಾಗ ನಿಂತರು.

"ಇದೇನಮ್ಮ, ಪ್ರತಿನಾನು?"

ಆ ಹಾಳೆ ಬೇರೆ ಫೈಲ್. ಮೊದಲ ದಿನ ಅದರಲ್ಲೂ ಬದಲಿಸು ಒತ್ತಿದ್ದು ನನಗೆ ಮರೆತೇ ಹೋಗಿತ್ತು. ಬಿಳಿ ಬಣ್ಣ ಬಳಿಯುವ ಹಾಗಿಲ್ಲ, ಹಳೆಯ ಪದ ಓದಲು ಬರಬೇಕು. ಅದರ ಮೇಲೆ ಒಂದೇ ಗೆರೆ ಎಳೆದು, ಮೇಲೆ "ಪ್ರತಿವಾದಿ" ಎಂದು ಕೈಯಲ್ಲಿ ಬರೆದೆ. ಪಕ್ಕದಲ್ಲಿ ಅಮ್ಮ ಚಿಕ್ಕ ಸಹಿ ಹಾಕಿದರು, ಅಧಿಕಾರಿಯೂ ಹಾಕಿದರು. ಅಮ್ಮ ಮಾತ್ರ ಬಾಗಿಲು ದಾಟುವವರೆಗೂ ನಗುತ್ತಲೇ ಇದ್ದರು.