ಗಾಜಿಗೆ ಒಂದು ಬೆಳಕು, ಕ್ರೀಮಿಗೆ ಇನ್ನೊಂದು

ಬೆಂಗಳೂರಿನ ಒಂದು ಚಿಕ್ಕ ಸ್ಟುಡಿಯೋದಲ್ಲಿ ಪ್ರಾಡಕ್ಟ್ ಫೋಟೋ ತೆಗೆಯುವುದು ನನ್ನ ಕೆಲಸ. ಈಗ ಬರುವುದರಲ್ಲಿ ಜಾಸ್ತಿ ಮುಖಕ್ಕೆ ಹಚ್ಚುವ ಕ್ರೀಮು, ಸೀರಮ್ಮು. ಎಲ್ಲರೂ ಕೇಳುವುದು ಒಂದೇ: "ಸಾಫ್ಟ್ ಲೈಟ್ ಇರಲಿ, ಪ್ರೀಮಿಯಂ ಅನ್ನಿಸಬೇಕು." ಈ ಮಾತನ್ನು ನಾನು ತುಂಬಾ ದಿನ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ. ಅದು ತಿದ್ದಿಹೋದದ್ದು ಒಂದು 50 ಗ್ರಾಂ ಜಾರ್‌ನಿಂದ.

ದಪ್ಪ ಗಾಜಿನ ಜಾರ್, ಒಳಗೆ ಬಿಳಿ ಕ್ರೀಮು, ಮೇಲೆ ಚಿನ್ನದ ಬಣ್ಣದ ಮುಚ್ಚಳ. ಎಡಕ್ಕೊಂದು, ಬಲಕ್ಕೊಂದು ದೊಡ್ಡ ಸಾಫ್ಟ್‌ಬಾಕ್ಸ್, ಅಂದರೆ ಫ್ಲ್ಯಾಶ್‌ಗೆ ಹಾಕುವ ಬಿಳಿ ಬಟ್ಟೆಯ ಪೆಟ್ಟಿಗೆ, ಇಟ್ಟೆ. ಬೆಳಕು ಎಲ್ಲಾ ಕಡೆಯಿಂದ ಬಂದರೆ ಮೃದುವಾಗಿರುತ್ತದೆ ಅಂತ ನನ್ನ ಲೆಕ್ಕ. ಫೋಟೋ ಚೊಕ್ಕವಾಗಿಯೇ ಬಂತು. ಆದರೆ ಕ್ಲೈಂಟ್ ನೋಡಿ, "ಇದು ಮೆಡಿಕಲ್ ಶಾಪಿನ ಡಬ್ಬಿ ಥರ ಕಾಣ್ತಿದೆ" ಅಂದರು. ಅವರ ಮಾತು ನಿಜವಾಗಿತ್ತು. ಜಾರ್‌ನ ಎರಡೂ ಬದಿಯಲ್ಲಿ ಕತ್ತರಿಸಿ ಅಂಟಿಸಿದ ಹಾಗೆ ಎರಡು ಬಿಳಿ ಪಟ್ಟಿ. ಗಾಜಿನ ಅಂಚು ಹಿಂದಿನ ಬಿಳಿ ಗೋಡೆಯಲ್ಲಿ ಕರಗಿಹೋಗಿತ್ತು.

ನನಗೆ ಕೆಲಸ ಕಲಿಸಿದ ಅಣ್ಣನನ್ನು ಕರೆದೆ. ಬಂದವರು ಮೊದಲು ಕ್ಯಾಮೆರಾ ಮುಟ್ಟಲಿಲ್ಲ. ಟೀ ತಂದಿದ್ದ ಸ್ಟೀಲ್ ಲೋಟವನ್ನು ಒರೆಸಿ ಜಾರ್ ಪಕ್ಕದಲ್ಲಿ ಇಟ್ಟರು.

"ಇದರಲ್ಲಿ ಏನು ಕಾಣ್ತಿದೆ ಹೇಳು."

"ಸಾಫ್ಟ್‌ಬಾಕ್ಸ್ ಅಣ್ಣ. ಕಿಟಕಿ. ನಾನು."

"ಜಾರ್‌ನಲ್ಲೂ ಅದೇ ಇರೋದು ಕಣೋ. ಗಾಜಿಗೆ ಬೆಳಕು ಬಿಡೋಕಾಗಲ್ಲ. ಅದು ಏನನ್ನ ನೋಡಬೇಕೋ ಅದನ್ನ ಅದರ ಮುಂದೆ ಇಡಬೇಕು."

ಆಮೇಲೆ ಒಂದು ಸಾಫ್ಟ್‌ಬಾಕ್ಸ್ ತೆಗೆದುಹಾಕಿದೆವು. ಎಡಗಡೆ, ಜಾರ್‌ನಿಂದ ಒಂದು ಗೇಣು ದೂರದಲ್ಲಿ, ದೊಡ್ಡ ಟ್ರೇಸಿಂಗ್ ಪೇಪರ್ ಇಳಿಬಿಟ್ಟೆವು. ಅದರ ಹಿಂದೆ ಬರೀ ಫ್ಲ್ಯಾಶ್, ಸಾಫ್ಟ್‌ಬಾಕ್ಸ್ ಇಲ್ಲದೆ. ಅದನ್ನು ಪೇಪರಿಗೆ ನೇರವಾಗಿ ತೋರಿಸದೆ ಓರೆಯಾಗಿ ತಿರುಗಿಸಿದೆವು. ಆಗ ಪೇಪರಿನ ಒಂದು ತುದಿ ಜೋರಾಗಿ ಬೆಳಗುತ್ತದೆ, ಅಲ್ಲಿಂದ ನಿಧಾನಕ್ಕೆ ಮಂಕಾಗುತ್ತಾ ಹೋಗುತ್ತದೆ. ಗಾಜಿನಲ್ಲಿ ಕಾಣುವುದು ಈ ಪೇಪರು. ಹಾಗಾಗಿ ಜಾರ್ ಮೈಮೇಲಿನ ಹೊಳಪೂ ಅಂಚಿನಲ್ಲಿ ಬೆಳ್ಳಗೆ ಶುರುವಾಗಿ, ಮಧ್ಯಕ್ಕೆ ಬರುವಷ್ಟರಲ್ಲಿ ಇಲ್ಲವಾಯಿತು. ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸಲು ಆಗಲಿಲ್ಲ. ನಾವು ಪ್ರೀಮಿಯಂ ಅಂತ ಕರೆಯುವುದರಲ್ಲಿ ಬಹುಪಾಲು ಇದೇ ಅಂತ ನನಗೆ ಈಗ ಅನ್ನಿಸುತ್ತದೆ.

ಇಲ್ಲಿ ಕೈಯಲ್ಲಿರುವ ಹಿಡಿತ ಅಂದರೆ ಫ್ಲ್ಯಾಶ್ ಮತ್ತು ಪೇಪರಿನ ನಡುವಿನ ದೂರ. ತೀರಾ ಹತ್ತಿರ ತಂದರೆ ಪೇಪರಿನ ಮೇಲೆ ಚಿಕ್ಕ ಬಿಳಿ ಮಚ್ಚೆ ಬೀಳುತ್ತದೆ, ಗಾಜಿನಲ್ಲೂ ಅದೇ ಕಾಣುತ್ತದೆ. ತುಂಬಾ ಹಿಂದೆ ಒಯ್ದರೆ ಪೇಪರು ಪೂರ್ತಿ ಒಂದೇ ಸಮ ಬೆಳಗಿ, ಮತ್ತೆ ಹಳೆಯ ಬಿಳಿ ಪಟ್ಟಿ. ಆ ದಿನ ನಮಗೆ ಸುಮಾರು ಒಂದೂವರೆ ಅಡಿ ಸರಿಹೋಯಿತು. ಪೇಪರಿನ ಅಂಚು ಜಾರ್‌ನಲ್ಲಿ ಗೆರೆಯಾಗಿ ಕಾಣಿಸಿದರೆ ಪೇಪರು ಸಾಲದು ಅಂತ ಅರ್ಥ. ಇನ್ನೂ ದೊಡ್ಡದು ಹಾಕಬೇಕು.

ಕರಗಿಹೋದ ಅಂಚಿಗೆ ಕಪ್ಪು ಚಾರ್ಟ್ ಪೇಪರ್ ಬೇಕಾಯಿತು. ಎರಡು ಪಟ್ಟಿ ಕತ್ತರಿಸಿ, ಫ್ರೇಮ್‌ಗೆ ಸ್ವಲ್ಪ ಹೊರಗೆ, ಜಾರ್‌ನ ಎರಡು ಬದಿಗೂ ನಿಲ್ಲಿಸಿದೆವು. ದಪ್ಪ ಗಾಜು ಆ ಕಪ್ಪನ್ನು ತನ್ನ ಅಂಚಿಗೆ ಎಳೆದುಕೊಂಡಿತು. ಪೆನ್ಸಿಲ್‌ನಲ್ಲಿ ಎಳೆದಷ್ಟು ಸಣ್ಣ ಗೆರೆ ಮೂಡಿ, ಜಾರ್ ಗೋಡೆಯಿಂದ ಬೇರೆಯಾಗಿ ನಿಂತಿತು.

ಪೋಲರೈಸರ್ ಫಿಲ್ಟರ್ ಹಾಕಿ ಹೊಳಪನ್ನೇ ತೆಗೆದುಬಿಡಬಹುದಲ್ವಾ ಅಂತ ಹಲವರು ಕೇಳುತ್ತಾರೆ. ಗಾಜಿನ ಮೇಲೆ ಕೆಲವು ಕೋನಗಳಲ್ಲಿ ಅದು ಕೆಲಸ ಮಾಡುತ್ತದೆ. ಲೋಹದ ಮುಚ್ಚಳದ ಮೇಲೆ ನಡೆಯುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೊಳಪು ಹೋದ ಗಾಜು ಪ್ಲಾಸ್ಟಿಕ್ ಥರ ಕಾಣುತ್ತದೆ. ತೆಗೆಯಬೇಕಾದದ್ದು ಹೊಳಪನ್ನಲ್ಲ, ಅದರ ಗಡುಸು ಅಂಚನ್ನು.

ಜಾರ್ ಸರಿಹೋಯಿತು. ಆದರೆ ಮುಚ್ಚಳ ತೆಗೆದಿಟ್ಟು, ಮೇಲೆ ಕ್ರೀಮಿನ ಸುಳಿ ಕಾಣುವ ಹಾಗೆ ಫೋಟೋ ಬೇಕಿತ್ತು. ಅದೇ ಬೆಳಕಿನಲ್ಲಿ ತೆಗೆದರೆ ಕ್ರೀಮು ಸುಣ್ಣ ಬಳಿದ ಹಾಗೆ ಸಪ್ಪೆಯಾಗಿತ್ತು. ಕಾರಣ ಸರಳ. ಕ್ರೀಮಿನ ನುಣುಪು ಕಣ್ಣಿಗೆ ಗೊತ್ತಾಗುವುದು ಅದರ ಏರಿಳಿತದ ಪುಟ್ಟ ನೆರಳುಗಳಿಂದ. ಅಗಲವಾದ ಮೆತ್ತನೆ ಬೆಳಕು ಆ ನೆರಳನ್ನೆಲ್ಲ ತುಂಬಿಬಿಡುತ್ತದೆ. ಗಾಜಿಗೆ ಹಿತವಾದದ್ದು ಕ್ರೀಮಿಗೆ ಆಗುವುದಿಲ್ಲ.

ಅದಕ್ಕೆ ಕ್ರೀಮನ್ನು ಬೇರೆಯಾಗಿಯೇ ತೆಗೆದೆವು. ಕ್ಯಾಮೆರಾ ಸ್ಟ್ಯಾಂಡ್ ಅಲ್ಲಾಡಿಸಲಿಲ್ಲ. ಫ್ಲ್ಯಾಶ್ ಅನ್ನು ಎಡಗಡೆ ಹಿಂದಕ್ಕೆ ಒಯ್ದು, ಜಾರ್‌ನ ಬಾಯಿಗಿಂತ ಸ್ವಲ್ಪವೇ ಮೇಲೆ ಇಟ್ಟು, ಕಡಿಮೆ ಅಗಲದ ಬೆಳಕು ಕ್ರೀಮಿನ ಮೇಲೆ ಸವರಿಕೊಂಡು ಹೋಗುವ ಹಾಗೆ ಮಾಡಿದೆವು. ಎದುರುಗಡೆ ಬಿಳಿ ಥರ್ಮೋಕೋಲ್ ಇಡುವ ಅಭ್ಯಾಸ ನನಗೆ. ಅಣ್ಣ ಅದನ್ನು ತೆಗೆಸಿ ಕಪ್ಪು ಚಾರ್ಟ್ ಇಡಿಸಿದರು. ಕ್ರೀಮಿನ ಒಂದೊಂದು ಮಡಿಕೆಯೂ ಎದ್ದು ಬಂತು. ಎಕ್ಸ್‌ಪೋಷರ್ ಕೂಡ ಇಳಿಸಿದೆವು. ಫೋಟೋಶಾಪ್‌ನಲ್ಲಿ 0 ಅಂದರೆ ಪೂರ್ತಿ ಕಪ್ಪು, 255 ಅಂದರೆ ಪೂರ್ತಿ ಬಿಳಿ. ಅಲ್ಲಿ ನೋಡಿದರೆ ಕ್ರೀಮಿನ ಮೈ 220ರ ಆಸುಪಾಸು ಇರಬೇಕು, ಒದ್ದೆ ಹೊಳಪಿನ ತುದಿಗಳು ಮಾತ್ರ 250 ಮುಟ್ಟಬೇಕು. ಮೈಯೇ 255ಕ್ಕೆ ಹೋದರೆ ಅಲ್ಲಿ ವಿವರ ಉಳಿಯುವುದಿಲ್ಲ, ಆಮೇಲೆ ಎಳೆದು ತರಲೂ ಆಗುವುದಿಲ್ಲ.

ಸುಳಿ ಮಾಡುವುದು ಕೈಕೆಲಸ. ಕ್ರೀಮನ್ನು ಕಲಸಬಾರದು, ಕಲಸಿದರೆ ಗಾಳಿಗುಳ್ಳೆ ಸೇರುತ್ತವೆ. ಚಿಕ್ಕ ಪ್ಯಾಲೆಟ್ ನೈಫ್‌ನಿಂದ ಒಂದೇ ಸಲ ತಿರುಗಿಸಿ, ಕೊನೆಯಲ್ಲಿ ಮಣಿಕಟ್ಟನ್ನು ಮೇಲಕ್ಕೆ ಎತ್ತಬೇಕು. ಆಗ ಒಂದು ಪುಟ್ಟ ಕೊಂಡಿ ಹಾಗೆ ತುದಿ ಬಾಗಿ ನಿಲ್ಲುತ್ತದೆ. ಸರಿ ಬರಲಿಲ್ಲವಾದರೆ ತಿದ್ದಲು ಹೋಗಬೇಡಿ. ಎರಡನೇ ಸಲ ಚಾಕು ಮುಟ್ಟಿದ ಗುರುತು ದೊಡ್ಡ ಫೋಟೋದಲ್ಲಿ ಖಂಡಿತ ಕಾಣುತ್ತದೆ. ಮೇಲಿನ ಪದರ ತೆಗೆದು ಹೊಸದಾಗಿ ಹಾಕಿ. ಆ ದಿನ 17 ಸಲ ಹಾಕಿದೆ.

ಸಮಯವೂ ಕಾಯುವುದಿಲ್ಲ. ಇಂಥ ಕ್ರೀಮಿನಲ್ಲಿ ನೀರೇ ಜಾಸ್ತಿ. ಸುಳಿ ಹಾಕಿದ ಎರಡು ಮೂರು ನಿಮಿಷದಲ್ಲಿ ಮೇಲ್ಮೈ ಒಣಗಿ ಹೊಳಪು ಮಾಸತೊಡಗಿತು. ಬೆಳಕು ಎಲ್ಲಿ ಬೀಳುತ್ತದೆ ಅಂತ ನೋಡಲು ಫ್ಲ್ಯಾಶ್‌ನಲ್ಲಿರುವ ಮಾಡೆಲಿಂಗ್ ಲ್ಯಾಂಪ್ ಉರಿಯುತ್ತಲೇ ಇದ್ದರೆ ಬಿಸಿಗೆ ತುದಿ ಕುಸಿಯುತ್ತದೆ, ಕೆಲವು ಕ್ರೀಮಿನಲ್ಲಿ ಎಣ್ಣೆಯೂ ಬಿಡುತ್ತದೆ. ಹಾಗಾಗಿ ಬೆಳಕು, ಫೋಕಸ್ ಎಲ್ಲವನ್ನೂ ಒಂದು ಹಳೆಯ ಸುಳಿಯ ಮೇಲೆ ಸರಿಮಾಡಿಕೊಂಡು, ಲ್ಯಾಂಪ್ ಆರಿಸಿ, ಕೊನೆಗೆ ಹೊಸ ಸುಳಿ ಹಾಕಿ ತಕ್ಷಣ ತೆಗೆಯುತ್ತೇನೆ. ಚೆನ್ನಾಗಿ ನಿಲ್ಲುತ್ತದೆ ಅಂತ ಬೇರೆ ಗಟ್ಟಿ ಕ್ರೀಮು ಬಳಸುವವರಿದ್ದಾರೆ. ನಾನು ಬಳಸುವುದಿಲ್ಲ. ತೆಳು ಕ್ರೀಮನ್ನು ಬೆಣ್ಣೆ ಥರ ತೋರಿಸಿದರೆ ದುಡ್ಡು ಕೊಟ್ಟು ಕೊಂಡವರಿಗೆ ಮೋಸ ಮಾಡಿದ ಹಾಗೆ.

ಎರಡು ಫೋಟೋಗಳನ್ನೂ ಲೇಯರ್ ಆಗಿ ಜೋಡಿಸಿದೆ. ಗಾಜು ಮತ್ತು ಮುಚ್ಚಳ ಒಂದರಿಂದ, ಕ್ರೀಮು ಇನ್ನೊಂದರಿಂದ. ಮೊದಲ ಜೋಡಣೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಕೊನೆಗೆ ಪಕ್ಕದಲ್ಲಿದ್ದ ಮುಚ್ಚಳದ ನೆರಳು ನೋಡಿದೆ. ಅದು ಬಲಕ್ಕೆ ಬಿದ್ದಿತ್ತು, ಕ್ರೀಮಿನ ಕೊಂಡಿಯ ನೆರಳು ಎಡಕ್ಕೆ. ನಡುವೆ ಒಮ್ಮೆ ಬಲಗಡೆಯಿಂದ ಬೆಳಕು ಹಾಕಿ ನೋಡಿದ್ದೆ, ಆ ಫೈಲನ್ನೇ ತೆಗೆದುಕೊಂಡುಬಿಟ್ಟಿದ್ದೆ. ಎಡಗಡೆಯಿಂದ ತೆಗೆದದ್ದನ್ನು ಹಾಕಿದ ಕೂಡಲೇ ಕ್ರೀಮು ಜಾರ್‌ನೊಳಗೆ ಕೂತಿತು. ಕ್ಲೈಂಟ್ ಒಪ್ಪಿದ್ದು ಆ ಫೋಟೋವನ್ನೇ, 17ನೇ ಸುಳಿಯದ್ದು.