ಫ್ಯೂಚರ್ಸ್ ಮುಂದಿನ ತಿಂಗಳಿಗೆ ದಾಟಿಸುವಾಗ ದುಡ್ಡು ಎಲ್ಲಿ ಸೋರುತ್ತದೆ

ಶಿರಸಿಯ ಒಂದು ಬ್ರೋಕರ್ ಕಚೇರಿಯಲ್ಲಿ ನಾನು ಡೀಲರ್. ತಿಂಗಳ ಕೊನೆಯ ವಾರ ಬಂತು ಅಂದ್ರೆ ಫೋನ್ ಕೆಳಗಿಡೋಕೆ ಆಗಲ್ಲ. ಎಲ್ಲರದ್ದೂ ಒಂದೇ ಮಾತು, "ನಂದು ಮುಂದಿನ ತಿಂಗಳಿಗೆ ಹಾಕ್ಬಿಡು." ಹೀಗೆ ಹೇಳುವವರಲ್ಲಿ ಹೆಚ್ಚಿನವರು ಅಡಿಕೆ ಬೆಳೆಗಾರರು. ಟೆಂಡರ್‌ನಲ್ಲಿ ರೇಟು ಸರಿ ಬರಲಿಲ್ಲ ಅಂದ್ರೆ ಮಾಲು ಕೊಡದೆ ಇಟ್ಟುಕೊಳ್ಳುವ ಜನ, ಲೆಕ್ಕದಲ್ಲಿ ಯಾರಿಗೂ ಕಮ್ಮಿ ಇಲ್ಲ. ಆದರೆ ಹೀಗೆ ದಾಟಿಸುವ ರೋಲ್‌ಓವರ್ ವಿಷಯಕ್ಕೆ ಬಂದರೆ ನಲವತ್ತು ರೂಪಾಯಿ ಬ್ರೋಕರೇಜ್ ಯಾಕೆ ಹಾಕಿದ್ರಿ ಅಂತ ಕೇಳ್ತಾರೆ, ಅದರ ಎಷ್ಟೋ ಪಟ್ಟು ಹೋಗಿದ್ದರ ಬಗ್ಗೆ ಕೇಳುವುದೇ ಇಲ್ಲ.

ಫ್ಯೂಚರ್ ಅಂದ್ರೆ ಶೇರನ್ನು ಇವತ್ತು ಒಪ್ಪಿದ ಬೆಲೆಗೆ ಮುಂದೊಂದು ಗೊತ್ತಾದ ದಿನ ಕೊಳ್ಳುವ, ಮಾರುವ ಒಪ್ಪಂದ. ಅದು ಮುಗಿಯುವ ಆ ದಿನವೇ ಎಕ್ಸ್‌ಪೈರಿ. ರೋಲ್‌ಓವರ್ ಅಂತ ಎಕ್ಸ್‌ಚೇಂಜ್‌ನಲ್ಲಿ ಬೇರೆ ವ್ಯವಹಾರ ಏನೂ ಇಲ್ಲ. ಈ ತಿಂಗಳಿನದನ್ನು ಮಾರಬೇಕು, ಮುಂದಿನ ತಿಂಗಳಿನದನ್ನು ಕೊಳ್ಳಬೇಕು, ಅಷ್ಟೇ. ಎರಡರ ಬೆಲೆಯಲ್ಲಿರುವ ವ್ಯತ್ಯಾಸಕ್ಕೆ ನಾವು ಸ್ಪ್ರೆಡ್ ಅಂತೀವಿ. ಒಂದು ಉದಾಹರಣೆ ಹಿಡಿಯೋಣ. ಶೇರಿನ ಹೆಸರು ಬೇಡ, ಬೆಲೆ 800ರ ಆಸುಪಾಸು, ಒಂದು ಲಾಟ್ ಅಂದ್ರೆ 750 ಶೇರಿನ ಕಟ್ಟು. ಅಂದರೆ ಸುಮಾರು ಆರು ಲಕ್ಷದ ಪೊಸಿಷನ್. ಈ ತಿಂಗಳ ಫ್ಯೂಚರ್ 800.00, ಮುಂದಿನ ತಿಂಗಳದ್ದು 804.80 ಅಂತ ಸ್ಕ್ರೀನ್ ತೋರಿಸುತ್ತಿದೆ. ಸ್ಪ್ರೆಡ್ 4.80.

ಈ 4.80 ಯಾವ ಬಿಲ್ಲಿನಲ್ಲೂ ಬರಲ್ಲ. ಆದರೆ ಎಕ್ಸ್‌ಪೈರಿ ದಿನ ಫ್ಯೂಚರ್ ಬೆಲೆ ಶೇರಿನ ಬೆಲೆಗೆ ಬಂದು ಕೂರಲೇಬೇಕು. ಶೇರು ಇಡೀ ತಿಂಗಳು 800ರಲ್ಲೇ ಅಲ್ಲಾಡದೆ ಕೂತರೆ, ನೀವು 804.80ಕ್ಕೆ ತಗೊಂಡದ್ದು ದಿನಾ ಒಂದಿಷ್ಟು ಕರಗುತ್ತಾ 800ಕ್ಕೆ ಇಳಿಯುತ್ತದೆ. ಲಾಟ್‌ಗೆ 3,600 ರೂಪಾಯಿ ಹೋಯ್ತು. ಮಾರುಕಟ್ಟೆ ಬಿದ್ದಿಲ್ಲ, ಯಾರೂ ಮೋಸ ಮಾಡಿಲ್ಲ. ಅದು ಬಡ್ಡಿ. ಪೂರ್ತಿ ದುಡ್ಡು ಕೊಡದೆ ಆರು ಲಕ್ಷದ ಶೇರಿನ ಏರಿಳಿತ ನಿಮ್ಮದಾಗಿಸಿಕೊಂಡಿದ್ದಕ್ಕೆ ಕಟ್ಟುವ ಬಡ್ಡಿ.

ಬಡ್ಡಿ ಅಂದಮೇಲೆ ದರ ಕೇಳಬೇಕು ಅಲ್ವಾ? 800ಕ್ಕೆ 4.80 ಅಂದರೆ ಶೇಕಡಾ 0.6. ಎಷ್ಟು ದಿನಕ್ಕೆ ಅನ್ನುವುದೇ ಇಲ್ಲಿ ಮುಖ್ಯ. ಎನ್‌ಎಸ್‌ಇಯಲ್ಲಿ 2025ರ ಸೆಪ್ಟೆಂಬರ್‌ನಿಂದ ಎಕ್ಸ್‌ಪೈರಿ ತಿಂಗಳ ಕೊನೆಯ ಮಂಗಳವಾರ. ಒಂದು ಕೊನೆಯ ಮಂಗಳವಾರದಿಂದ ಇನ್ನೊಂದಕ್ಕೆ ಕೆಲವು ಸಲ 28 ದಿನ, ಕೆಲವು ಸಲ 35. ಅದೇ 4.80 ಎಂಬುದು 28 ದಿನಕ್ಕಾದರೆ ವರ್ಷಕ್ಕೆ ಶೇಕಡಾ 7.8ರ ಬಡ್ಡಿ, 35 ದಿನಕ್ಕಾದರೆ 6.3 ಕೂಡ ಇಲ್ಲ. "ಹೋದ ತಿಂಗಳು ಕಮ್ಮಿ ಇತ್ತು, ಈ ಸಲ ಜಾಸ್ತಿ ಹಾಕಿದ್ರಿ" ಅಂತ ಸಿಟ್ಟಾಗುವವರಿಗೆ ನಾನು ಮೊದಲು ಕ್ಯಾಲೆಂಡರ್ ತೋರಿಸುತ್ತೇನೆ. ಐದು ವಾರದ ತಿಂಗಳಿಗೆ ಐದು ವಾರದ ಬಡ್ಡಿ.

ಇನ್ನು ನಿಜವಾದ ಸೋರಿಕೆ. ಸ್ಕ್ರೀನ್ ಮೇಲೆ ಕಾಣುವ 800.00 ಮತ್ತು 804.80 ಕೊನೆಯದಾಗಿ ವ್ಯಾಪಾರ ಆದ ಬೆಲೆಗಳು. ನಿಮಗೆ ಸಿಗುವುದು ಆ ಬೆಲೆ ಅಲ್ಲ. ಈ ತಿಂಗಳದ್ದಕ್ಕೆ ಕೊಳ್ಳುವವ 799.90 ಕೇಳುತ್ತಿದ್ದಾನೆ. ಮುಂದಿನ ತಿಂಗಳದ್ದನ್ನು ಮಾರುವವ 805.20ಕ್ಕೆ ಕೂತಿದ್ದಾನೆ, ಯಾಕಂದ್ರೆ ಅಲ್ಲಿ ಇನ್ನೂ ಜನ ಸೇರಿಲ್ಲ. ಅವಸರದಲ್ಲಿ ಎರಡೂ ಕಡೆ ಮಾರ್ಕೆಟ್ ಆರ್ಡರ್ ಒತ್ತಿದರೆ ನಿಮ್ಮ ಸ್ಪ್ರೆಡ್ 5.30 ಆಯ್ತು. ಐವತ್ತು ಪೈಸೆ ಅಂದ್ರೆ ಲಾಟ್‌ಗೆ 375 ರೂಪಾಯಿ, ಬಡ್ಡಿ ದರ 7.8ರಿಂದ 8.6ಕ್ಕೆ ಹಾರಿತು. ಬ್ರೋಕರೇಜ್, ಶೇರು ವ್ಯವಹಾರದ ತೆರಿಗೆಯಾದ ಎಸ್‌ಟಿಟಿ, ಸ್ಟಾಂಪು, ಜಿಎಸ್‌ಟಿ ಎಲ್ಲ ಸೇರಿದರೂ ಹಳೆಯ ದರದಲ್ಲಿ ಅಷ್ಟಾಗುತ್ತಿರಲಿಲ್ಲ, ಸುಮಾರು 200. ಅದರಲ್ಲೂ ದೊಡ್ಡ ಪಾಲು ಎಸ್‌ಟಿಟಿಯದ್ದು. ಅದು ಮಾರುವ ಕಡೆ ಮಾತ್ರ. 2024ರ ಅಕ್ಟೋಬರ್‌ನಿಂದ 2026ರ ಮಾರ್ಚ್‌ವರೆಗೆ ಇದ್ದ ಶೇಕಡಾ 0.02ರ ದರ ಹಿಡಿದು ಈ ಲೆಕ್ಕ ಹಾಕಿದ್ದೇನೆ. ಸರ್ಕಾರ ಇದನ್ನು ಆಗಾಗ ಮುಟ್ಟುತ್ತಿರುತ್ತದೆ, ಹಾಗಾಗಿ ಇವತ್ತಿನ ನಿಮ್ಮ ಕಾಂಟ್ರಾಕ್ಟ್ ನೋಟ್‌ನಲ್ಲಿರುವ ದರ ಹಾಕಿ ನೋಡಿಕೊಳ್ಳಿ.

ಈ ತಿಂಗಳಿನದು ಒಂದು ಕಾಲು, ಮುಂದಿನ ತಿಂಗಳಿನದು ಇನ್ನೊಂದು ಕಾಲು ಅಂತೀವಿ. ಒಂದು ಕಾಲು ಮಾರಿ, ಇನ್ನೊಂದನ್ನು "ಸ್ವಲ್ಪ ಇಳೀಲಿ, ಆಮೇಲೆ ತಗೊಳ್ಳೋಣ" ಅಂತ ಕಾಯುವವರೂ ಇದ್ದಾರೆ. ಆ ಹೊತ್ತಿನಲ್ಲಿ ಶೇರು ಎರಡು ರೂಪಾಯಿ ಏರಿದರೆ 1,500 ಹೋಯ್ತು. ಇಳಿದರೆ ಬಂತು, ಅದೂ ನಿಜ. ಆದರೆ ಅದು ರೋಲ್‌ಓವರ್ ಅಲ್ಲ, ಹೊಸದೊಂದು ಆಟ. ಕೆಲವರಿಗೆ ಬೇರೆ ದಾರಿಯೂ ಇರಲ್ಲ. ಮುಂದಿನ ತಿಂಗಳದ್ದನ್ನು ಮೊದಲೇ ಕೊಳ್ಳೋಣ ಅಂದ್ರೆ ಎರಡಕ್ಕೂ ಮಾರ್ಜಿನ್, ಅಂದರೆ ಭದ್ರತೆಗೆ ಇಡುವ ದುಡ್ಡು ಬೇಕು, ಖಾತೆಯಲ್ಲಿ ಇರುವುದು ಒಂದಕ್ಕೆ ಆಗುವಷ್ಟು ಮಾತ್ರ.

ಇದಕ್ಕೆ ನಮ್ಮ ಟರ್ಮಿನಲ್‌ನಲ್ಲಿ ಸ್ಪ್ರೆಡ್ ಆರ್ಡರ್ ಅಂತ ಇದೆ. ಅಲ್ಲಿ ಎರಡು ಬೆಲೆ ಹಾಕುವ ಗೋಜಿಲ್ಲ, ವ್ಯತ್ಯಾಸವನ್ನಷ್ಟೇ ಹಾಕುತ್ತೇವೆ. "4.95ಕ್ಕಿಂತ ಜಾಸ್ತಿ ಕೊಡಲ್ಲ" ಅಂತ ಲಿಮಿಟ್ ಹಾಕಿ ಕೂತರೆ ಎರಡೂ ಕಾಲು ಒಟ್ಟಿಗೇ ಆಗುತ್ತವೆ, ಇಲ್ಲ ಎರಡೂ ಆಗಲ್ಲ. ಎಲ್ಲ ಮೊಬೈಲ್ ಆ್ಯಪ್‌ಗಳಲ್ಲೂ ಈ ಸೌಲಭ್ಯ ಸಿಗಲ್ಲ, ಹಾಗಿದ್ದವರು ಡೀಲರ್‌ಗೆ ಫೋನ್ ಮಾಡಿ ಕೇಳಬೇಕು. ಕೊನೆಯ ದಿನದ ಮಧ್ಯಾಹ್ನ ಮಾತ್ರ ಕೇಳಬೇಡಿ. ಎಕ್ಸ್‌ಪೈರಿಗೆ ಎರಡು ಮೂರು ದಿನ ಇರುವಾಗ ಎಲ್ಲರೂ ದಾಟುತ್ತಿರುತ್ತಾರೆ, ಎರಡೂ ಕಡೆ ಜನ ಇರುತ್ತಾರೆ, ಬೆಲೆ ಬಿಗಿಯಾಗಿ ಸಿಗುತ್ತದೆ. ಕೊನೆಯ ದಿನ ನಿಮ್ಮ ಅವಸರ ಎದುರಿನವನಿಗೂ ಗೊತ್ತು. ಜೊತೆಗೆ ಶೇರಿನ ಫ್ಯೂಚರ್‌ನಲ್ಲಿ ಈಗ ಡೆಲಿವರಿ ಕಡ್ಡಾಯ. ದಾಟಿಸದೆ ಬಿಟ್ಟರೆ ಆರು ಲಕ್ಷ ಕೊಟ್ಟು 750 ಶೇರು ತಗೊಳ್ಳಬೇಕು. ಅದಕ್ಕೇ ಬ್ರೋಕರ್‌ಗಳು ಕೊನೆಯ ದಿನಗಳಲ್ಲಿ ಮಾರ್ಜಿನ್ ಏರಿಸುವುದು.

ಸ್ಪ್ರೆಡ್ ಬರೀ ಒಂದು ರೂಪಾಯಿ ಇದ್ದರೆ, ಅಥವಾ ಮುಂದಿನ ತಿಂಗಳದ್ದೇ ಅಗ್ಗವಾಗಿದ್ದರೆ ಖುಷಿಪಡುವ ಮೊದಲು ಡಿವಿಡೆಂಡ್ ಇದೆಯಾ ನೋಡಿ. ಫ್ಯೂಚರ್ ಇಟ್ಟವರಿಗೆ ಡಿವಿಡೆಂಡ್ ಬರಲ್ಲ. ಮಾಮೂಲಿ ಡಿವಿಡೆಂಡ್ ಆದರೆ ಅಷ್ಟನ್ನು ಮಾರುಕಟ್ಟೆ ಮುಂಚೆಯೇ ಬೆಲೆಯಲ್ಲಿ ಕಳೆದಿಟ್ಟಿರುತ್ತದೆ.

ಕಡೆಗೆ, ಜನ ಹೆಚ್ಚು ದಾರಿ ತಪ್ಪುವ ಜಾಗ. ನಮ್ಮ ಗ್ರಾಹಕ ಹೆಗಡೆಯವರು ಇಂಥದ್ದೇ ಶೇರನ್ನು 780ಕ್ಕೆ ತಗೊಂಡಿದ್ದರು ಅಂತ ಇಟ್ಟುಕೊಳ್ಳಿ. ಮೂರು ಸಲ ದಾಟಿಸಿದರು. 5.30, 4.90, ಐದು ವಾರದ ತಿಂಗಳಿನಲ್ಲಿ 6.10. ಎಕ್ಸ್‌ಪೈರಿ ದಿನ ಫ್ಯೂಚರ್ 798ರಲ್ಲಿದೆ. "ತಮಾ, ಹದಿನೆಂಟು ರೂಪಾಯಿ ಲಾಭ ಇದ್ದಲಾ, ಮಾರಿಬಿಡು" ಅಂತಾರೆ. ಆ್ಯಪ್‌ನಲ್ಲಿ ಕೊನೆಯ ರೋಲ್‌ನ ಬೆಲೆ ಮಾತ್ರ ಕಾಣುತ್ತದೆ, ಹಳೆಯ ತಿಂಗಳುಗಳ ಲಾಭ ನಷ್ಟ ಆವತ್ತಾವತ್ತೇ ಖಾತೆಗೆ ಬಿದ್ದು ಹೋಗಿದೆ. ತಲೆಯಲ್ಲಿ ಉಳಿದಿರುವುದು 780. ಆದರೆ ಪ್ರತಿ ಸಲ ಕೊಟ್ಟ ಸ್ಪ್ರೆಡ್ ಅಸಲಿಗೆ ಸೇರುತ್ತದೆ. 780ಕ್ಕೆ 16.30 ಸೇರಿಸಿದರೆ ಅಸಲು 796.30. ಲಾಭ 1.70. ಮೂರು ರೋಲ್‌ನ ತೆರಿಗೆ, ಖರ್ಚು ಅದೇ ಹಳೆಯ ದರದಲ್ಲಿ ಶೇರಿಗೆ 80 ಪೈಸೆ ಕಳೆದರೆ ಉಳಿದದ್ದು 90 ಪೈಸೆ. ಲಾಟ್‌ಗೆ ಏಳುನೂರು ರೂಪಾಯಿಯೂ ಇಲ್ಲ.

ಹಾಗಂತ ಹೆಗಡೆಯವರಿಗೆ ನಷ್ಟವೇ ಆಯ್ತು ಅಂತ ನಾನು ಹೇಳಲ್ಲ. ಮಾರ್ಜಿನ್ ಬಿಟ್ಟು ಉಳಿದ ನಾಲ್ಕೂವರೆ ಲಕ್ಷ ಅವರ ಸೊಸೈಟಿ ಠೇವಣಿಯಲ್ಲಿ ಬಡ್ಡಿ ದುಡಿಯುತ್ತಿದ್ದರೆ, ಇಲ್ಲಿ ಕಟ್ಟಿದ್ದರಲ್ಲಿ ಬಹುಪಾಲು ಅಲ್ಲಿ ವಾಪಸ್ ಬಂದಿದೆ. ಆ ದುಡ್ಡೇ ಇಲ್ಲದವರು ಆರು ಲಕ್ಷದ ಸಾಲದ ಮೇಲೆ ಮೂರು ತಿಂಗಳು ಕೂತಿದ್ದರು. ಹಣ ಇದ್ದು, ಆರು ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವ ಮನಸ್ಸಿರುವವರಿಗೆ ನಾನು ಫ್ಯೂಚರ್ ಬೇಡ, ಶೇರನ್ನೇ ಡೆಲಿವರಿ ತಗೊಳ್ಳಿ ಅನ್ನುತ್ತೇನೆ. ಪ್ರತಿ ತಿಂಗಳ ಬ್ರೋಕರೇಜ್ ನಮಗೆ ತಪ್ಪುತ್ತದೆ, ಹಾಗಾಗಿ ಕಚೇರಿಯಲ್ಲಿ ಈ ಮಾತು ಎಲ್ಲರಿಗೂ ಅಷ್ಟು ಇಷ್ಟವಿಲ್ಲ.