ಡೆಮೊಗೆ ಮೊದಲು ಸ್ಟೋರ್ಸ್‌ನವರ ಚಲನ್ ಕೈಗೆ ಬರಲಿ

ಸಣ್ಣ ಕಾರ್ಖಾನೆಗಳಿಗೆ ಸ್ಟಾಕ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ತೋರಿಸಲು ಹೋಗುವವರು ಗ್ರಾಹಕರಿಗೆ ಕಳಿಸುವ ಮೇಲ್ ಸಾಮಾನ್ಯವಾಗಿ ಎರಡೇ ಸಾಲಿನದು. ಗುರುವಾರ 11 ಗಂಟೆಗೆ ಡೆಮೊ ಇದೆ, ಬರುವುದನ್ನು ಖಚಿತಪಡಿಸಿ. ಪ್ರಶ್ನೆಗಳಿದ್ದರೆ ಮೊದಲೇ ತಿಳಿಸಿ. ಅದಕ್ಕೆ 'ಓಕೆ ಸರ್' ಅಂತ ಉತ್ತರ ಬರುತ್ತದೆ. ಯಾರು ಕೂರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ಏನನ್ನು ನೋಡಬೇಕು ಅಂದುಕೊಂಡಿದ್ದಾರೆ ಎಂಬುದು ಆ ಓಕೆಯಲ್ಲಿ ಇರುವುದಿಲ್ಲ. ಪ್ರಶ್ನೆಯಂತೂ ಒಂದೂ ಬರುವುದಿಲ್ಲ. ಗುರುವಾರ ಅರ್ಧ ಡೆಮೊ ಮುಗಿದ ಮೇಲೆ, ಅಲ್ಲಿಯವರೆಗೂ ಸುಮ್ಮನಿದ್ದ ಸ್ಟೋರ್ಸ್‌ನವರು ಒಂದು ಪ್ರಶ್ನೆ ಕೇಳುತ್ತಾರೆ. ಡೆಮೊ ಅಲ್ಲಿಗೇ ನಿಲ್ಲುತ್ತದೆ.

ಆ ಪ್ರಶ್ನೆ ಎಂಥದ್ದು ಎಂದು ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಪೀಣ್ಯದ ಕಡೆಯ ಒಂದು ಮಷೀನಿಂಗ್ ಘಟಕ. ಶಾಫ್ಟ್ ತಯಾರಿಸಿ, ಝಿಂಕ್ ಪ್ಲೇಟಿಂಗ್‌ಗೆ ಹೊರಗಿನವರಿಗೆ ಜಾಬ್ ವರ್ಕ್ ಕೊಡುತ್ತದೆ. ಸ್ಟೋರ್ಸ್‌ನಿಂದ 500 ಪೀಸ್ ಹೋಗುತ್ತದೆ, ಚಲನ್‌ನಲ್ಲೂ 500 ಎಂದೇ ಬರೆಯುತ್ತಾರೆ. ಪ್ಲೇಟಿಂಗ್‌ನವರ ಲೆಕ್ಕ ಮಾತ್ರ ಕಿಲೋದಲ್ಲಿ. ಒಂದು ಪೀಸ್ 240 ಗ್ರಾಂ ಎಂದರೆ ಒಟ್ಟು 120 ಕಿಲೋ. ಮೊದಲ ಕಂತಿನಲ್ಲಿ 300 ಪೀಸ್ ವಾಪಸ್ ಬಂತು. ಲೆಕ್ಕದ ಪ್ರಕಾರ 72 ಕಿಲೋ ಇರಬೇಕು, ಪ್ಲೇಟಿಂಗ್‌ನವರ ಚೀಟಿಯಲ್ಲಿ 72.4 ಎಂದಿದೆ. ತೂಕವನ್ನೇ ಹಿಡಿದು ಭಾಗಿಸಿದರೆ ಸಾಫ್ಟ್‌ವೇರ್ 301.67 ಪೀಸ್ ಎಂದು ತೋರಿಸುತ್ತದೆ. 'ಇದರಲ್ಲಿ ಸ್ಟಾಕ್‌ಗೆ ಯಾವುದು ಹೋಗತ್ತೆ, ನಾವು ಎಣಿಸಿದ್ದಾ, ಅವರು ತೂಗಿದ್ದಾ?' ಸ್ಟೋರ್ಸ್‌ನವರು ಕೇಳುವುದು ಇದನ್ನೇ. ಮಾಲೀಕರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ, ಅಕೌಂಟೆಂಟ್‌ಗೂ ಇಲ್ಲ. ದಿನಾ ಅದರಲ್ಲೇ ಏಗುವವರಿಗಷ್ಟೇ ಹೊಳೆಯುತ್ತದೆ.

ಡೆಮೊ ಕೊಡುವವರಿಗೆ ಅಲ್ಲೇ ಉತ್ತರ ತೋರಿಸಲು ಆಗದಿರುವುದಕ್ಕೆ ಕಾರಣ ಸರಳ. ತೋರಿಸಲೆಂದು ಸಾಫ್ಟ್‌ವೇರ್‌ನಲ್ಲಿ ಮಾಡಿಟ್ಟ ಡೆಮೊ ಕಂಪನಿಯಲ್ಲಿ ಶಾಫ್ಟ್ ಎಂಬ ಐಟಂಗೆ ಪೀಸ್ ಎಂಬ ಒಂದೇ ಅಳತೆ ಇರುತ್ತದೆ. ಕಿಲೋವನ್ನು ಎರಡನೇ ಅಳತೆಯಾಗಿ ಸೇರಿಸಬೇಕು. ಆದರೆ ಒಮ್ಮೆ ವ್ಯವಹಾರ ನಮೂದಾದ ಐಟಂನ ಅಳತೆ ಬದಲಿಸಲು ಹಲವು ಸಾಫ್ಟ್‌ವೇರ್‌ಗಳು ಬಿಡುವುದಿಲ್ಲ. ಹೊಸ ಐಟಂ ಮಾಡಬೇಕು, ಅದಕ್ಕೆ ಆರಂಭದ ಸ್ಟಾಕ್ ಹಾಕಬೇಕು, ಪ್ಲೇಟಿಂಗ್‌ನವರ ಖಾತೆ ತೆರೆಯಬೇಕು, ಹಳೆಯ ತಾರೀಖಿನ ಚಲನ್ ಹುಟ್ಟಿಸಬೇಕು. ನಾಲ್ಕು ಜನ ಪರದೆ ನೋಡುತ್ತ ಕೂತಿರುವಾಗ ಇದನ್ನೆಲ್ಲ ಮಾಡಹೊರಟರೆ 20 ನಿಮಿಷ ಹೋಗುತ್ತದೆ, ಜೊತೆಗೆ ಎಲ್ಲೋ ಒಂದು ಕಡೆ ತಪ್ಪೂ ಆಗುತ್ತದೆ. 'ಆಗತ್ತೆ ಸರ್, ಆಮೇಲೆ ತೋರಿಸ್ತೀವಿ' ಎಂದರೆ ಅವರಿಗೆ ಕೇಳಿಸುವುದು 'ಆಗಲ್ಲ' ಎಂದೇ.

ಪ್ರಶ್ನೆ ಕಳಿಸಲು ಕೊಡುವ ಕೊನೆಯ ದಿನವನ್ನು ಈ ತಯಾರಿಯ ಲೆಕ್ಕದಿಂದಲೇ ನಿಗದಿ ಮಾಡಬೇಕು. ಮೇಲಿನಂಥ ಒಂದು ಪ್ರಕರಣವನ್ನು ಡೆಮೊ ಕಂಪನಿಯಲ್ಲಿ ಕಟ್ಟಿ, ಒಮ್ಮೆ ಪೂರ್ತಿ ನಡೆಸಿ ನೋಡಲು ಅರ್ಧ ದಿನ ಬೇಕು. ಮೂರು ಪ್ರಕರಣಗಳಿಗೆ ಒಂದೂವರೆ ದಿನ. ಡೆಮೊ ಗುರುವಾರ ಬೆಳಿಗ್ಗೆ ಇದ್ದರೆ ಪ್ರಶ್ನೆಗಳು ಸೋಮವಾರ ಸಂಜೆ 5ಕ್ಕೆ ಕೈಗೆ ಬಂದಿರಬೇಕು, ಅಂದರೆ ಮೇಲ್ ಹಿಂದಿನ ಗುರುವಾರವೇ ಹೋಗಿರಬೇಕು. 'ಆದಷ್ಟು ಬೇಗ ಕಳಿಸಿ' ಎಂದು ಬರೆದರೆ ಯಾರೂ ಕಳಿಸುವುದಿಲ್ಲ. 'ಸೋಮವಾರ ಸಂಜೆಯೊಳಗೆ ಬಂದದ್ದನ್ನು ನಿಮ್ಮದೇ ಲೆಕ್ಕದಲ್ಲಿ ಮಾಡಿ ತೋರಿಸುತ್ತೇವೆ, ಆಮೇಲೆ ಬಂದದ್ದಕ್ಕೆ ಬಾಯಿಮಾತಿನ ಉತ್ತರ ಮಾತ್ರ' ಎಂದು ಕಾರಣ ಸಮೇತ ಬರೆದರೆ ಕಳಿಸುತ್ತಾರೆ. ಬರೆದಂತೆ ನಡೆದುಕೊಳ್ಳಲೂ ಬೇಕು.

ಡೆಮೊದ ತಾರೀಖು ಆರಿಸುವಾಗಲೂ ಕಾರ್ಖಾನೆಯ ತಿಂಗಳು ಹೇಗೆ ಓಡುತ್ತದೆ ಎಂಬುದು ಗೊತ್ತಿರಬೇಕು. ಪ್ರತಿ ತಿಂಗಳು ರಿಟರ್ನ್ ಹಾಕುವವರಿಗೆ ಜಿಎಸ್‌ಟಿಆರ್-1 ಕಟ್ಟಕಡೆಯ ದಿನ 11, ಜಿಎಸ್‌ಟಿಆರ್-3ಬಿಗೆ 20. ಟಿಡಿಎಸ್ 7ಕ್ಕೆ, ಪಿಎಫ್ 15ಕ್ಕೆ. ಈ ದಿನಗಳ ಆಸುಪಾಸಿನಲ್ಲಿ ಅಕೌಂಟೆಂಟ್ ಬರುತ್ತೇನೆ ಎಂದರೂ ಬರಲಾರರು, ಬಂದರೂ ಅರ್ಧಕ್ಕೆ ಎದ್ದು ಹೋಗುತ್ತಾರೆ. ತಿಂಗಳ ಕೊನೆಯ ಮೂರು ದಿನ ಡಿಸ್ಪ್ಯಾಚ್‌ನ ಒತ್ತಡ, ಸ್ಟೋರ್ಸ್‌ನವರು ಸಿಗುವುದಿಲ್ಲ. ಉಳಿಯುವುದು 22ರಿಂದ 26ರವರೆಗಿನ ದಿನಗಳು. ಆಯುಧಪೂಜೆಯ ವಾರವನ್ನಂತೂ ಕೇಳಲೇಬಾರದು. ಮಷೀನ್ ತೊಳೆದು ಬಣ್ಣ ಬಳಿಯುವ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರುವುದು ಅವರಿಗೂ ಮುಜುಗರ.

ಇನ್ನು ಮೇಲ್‌ನ ವಿಷಯ. 'ಬರುತ್ತೀರಾ' ಎಂದು ಕೇಳಿದರೆ ಹೌದು ಎನ್ನುವುದು ಸುಲಭ. 'ಯಾವ ಭಾಗಕ್ಕೆ ಯಾರು ಕೂರುತ್ತಾರೆ' ಎಂದು ಕೇಳಿದಾಗ ಅವರು ಹೆಸರು ಬರೆಯಬೇಕಾಗುತ್ತದೆ, ಹೆಸರು ಬರೆಯಲು ಆ ವ್ಯಕ್ತಿಯನ್ನು ಒಂದು ಮಾತು ಕೇಳಬೇಕಾಗುತ್ತದೆ. ಖಚಿತವಾಗುವುದು ಹಾಗೆ. ಕ್ಯಾಲೆಂಡರ್ ಆಹ್ವಾನಕ್ಕೆ ಬರುವ ಒಪ್ಪಿಗೆಯನ್ನು ಮಾತ್ರ ನಂಬಿ ಕೂರಬಾರದು. ಚಿಕ್ಕ ಘಟಕಗಳಲ್ಲಿ ಕಚೇರಿಯ ಒಂದೇ ಮೇಲ್ ಐಡಿಯನ್ನು ಮೂವರು ನೋಡುತ್ತಾರೆ, ಒಪ್ಪಿಗೆ ಒತ್ತಿದವರು ಯಾರೆಂದು ತಿಳಿಯುವುದಿಲ್ಲ. ಸಮಯವನ್ನೂ ಭಾಗ ಮಾಡಿ ಬರೆಯುವುದು ಒಳ್ಳೆಯದು. 'ಎರಡು ಗಂಟೆ' ಎಂದು ಕಂಡರೆ ಸ್ಟೋರ್ಸ್‌ನವರನ್ನು ಕಳಿಸಲು ಮಾಲೀಕರು ಹಿಂದೆಮುಂದೆ ನೋಡುತ್ತಾರೆ, 40 ನಿಮಿಷ ಎಂದರೆ ಬಿಡುತ್ತಾರೆ.

ಮೇಲ್ ಹೀಗಿರಬಹುದು:

> ನಮಸ್ಕಾರ ಸರ್,
>
> 23ನೇ ತಾರೀಖು ಗುರುವಾರ ಬೆಳಿಗ್ಗೆ 11ಕ್ಕೆ ನಿಮ್ಮ ಕಚೇರಿಯಲ್ಲಿ ಡೆಮೊ ಇಟ್ಟುಕೊಂಡಿದ್ದೇವೆ. ಮೂರು ಭಾಗ ಮಾಡಿದ್ದೇವೆ. ಪ್ರತಿ ಭಾಗಕ್ಕೆ ಕೂರುವವರ ಹೆಸರನ್ನು ಎದುರಿಗೆ ಬರೆದು ಇದೇ ಮೇಲ್‌ಗೆ ಉತ್ತರ ಕಳಿಸಿದರೆ ಸಾಕು.
>
> 11.00–11.40 ಜಾಬ್ ವರ್ಕ್ ಕಳಿಸುವುದು, ವಾಪಸ್ ಪಡೆಯುವುದು (ಸ್ಟೋರ್ಸ್‌ನವರು):
> 11.40–12.10 ಬಿಲ್, ಇ-ಇನ್‌ವಾಯ್ಸ್, ಜಿಎಸ್‌ಟಿ ವರದಿ (ಅಕೌಂಟ್ಸ್‌ನವರು):
> 12.10–12.30 ಖರ್ಚು, ಎಷ್ಟು ದಿನದಲ್ಲಿ ಶುರು ಮಾಡಬಹುದು (ತಾವು):
>
> ಇತ್ತೀಚೆಗೆ ಲೆಕ್ಕ ಹೊಂದದೆ ತಲೆನೋವಾದ ಒಂದು ಜಾಬ್ ವರ್ಕ್ ಚಲನ್ ಮತ್ತು ಅದಕ್ಕೆ ವಾಪಸ್ ಬಂದ ಚೀಟಿಗಳ ಫೋಟೊವನ್ನು 20ನೇ ತಾರೀಖು ಸೋಮವಾರ ಸಂಜೆ 5ರೊಳಗೆ ವಾಟ್ಸಾಪ್ ಮಾಡಿ. ಪಾರ್ಟಿ ಹೆಸರು, ದರ ಮುಚ್ಚಿ ಕಳಿಸಿದರೂ ಆಗುತ್ತದೆ. ಅದೇ ಲೆಕ್ಕವನ್ನು ಹಾಕಿ ತೋರಿಸುತ್ತೇವೆ. ಬೇರೆ ವಿಷಯಗಳಿದ್ದರೆ ಮೂರು ಪ್ರಶ್ನೆಗಳವರೆಗೆ ಕಳಿಸಬಹುದು.
>
> ಸ್ಟೋರ್ಸ್‌ನವರಿಗೆ ಆ ದಿನ ಬಿಡುವಿಲ್ಲದಿದ್ದರೆ ತಿಳಿಸಿ, 24ಕ್ಕೆ ಬದಲಾಯಿಸೋಣ.

ಪ್ರಶ್ನೆಗಳನ್ನು ಬರೆದು ಕಳಿಸಿ ಎನ್ನುವುದರ ಬದಲು ಚಲನ್‌ನ ಫೋಟೊ ಕೇಳುವುದಕ್ಕೆ ಕಾರಣ ಇದೆ. ಸಾಫ್ಟ್‌ವೇರ್‌ಗೆ ಪ್ರಶ್ನೆ ಕೇಳುವುದು ಹೇಗೆಂದು ಸ್ಟೋರ್ಸ್‌ನವರಿಗೆ ಗೊತ್ತಿರಬೇಕಿಲ್ಲ, ಎಲ್ಲಿ ಲೆಕ್ಕ ತಪ್ಪಿತು ಎಂಬುದು ಅವರಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿರುತ್ತದೆ. ಆ ಚಲನ್‌ನ ಅಂಚಿನಲ್ಲಿ ಪೆನ್ನಿನಲ್ಲಿ ಗೀಚಿದ್ದು ಇರುತ್ತದಲ್ಲ, '12 ರಿಜೆಕ್ಟ್, 20 ಬಾಕಿ' ಅಂತ, ಪ್ರಶ್ನೆ ಇರುವುದು ಅಲ್ಲೇ. ಮೂವತ್ತು ಪ್ರಶ್ನೆಗಳ ಫಾರ್ಮ್ ಕಳಿಸಿದರೆ ಅದು ಮಾಲೀಕರಿಂದ ಅಕೌಂಟೆಂಟ್‌ಗೆ ಹೋಗಿ ಅಲ್ಲೇ ಉಳಿಯುತ್ತದೆ. ದರ ಮುಚ್ಚಬಹುದು ಎಂಬ ಮಾತನ್ನೂ ಬಿಡಬಾರದು. ಜಾಬ್ ವರ್ಕ್ ದರ ಹೊರಗೆ ಹೋದರೆ ಕಷ್ಟ ಎಂಬ ಅಳುಕಿನಿಂದಲೇ ಹಲವರು ಕಾಗದ ಕಳಿಸುವುದಿಲ್ಲ.

ನಮ್ಮ ಉದಾಹರಣೆಯ ಫೋಟೊ ಸೋಮವಾರ ಬಂತು ಎಂದುಕೊಳ್ಳಿ. 500 ಹೋಗಿದೆ, ಮೊದಲ ಕಂತು 300, ಎರಡನೆಯದು 180, ಎರಡನೆಯದರಲ್ಲಿ 12ಕ್ಕೆ ಪ್ಲೇಟಿಂಗ್ ಸರಿಯಾಗದೆ ಮತ್ತೆ ಕಳಿಸಿದ್ದಾರೆ. ಮಂಗಳವಾರ ಕೂತು ಶಾಫ್ಟ್ ಐಟಂಗೆ ಪೀಸ್ ಮುಖ್ಯ ಅಳತೆ, ಕಿಲೋ ಎರಡನೇ ಅಳತೆ, ಪರಿವರ್ತನೆ 0.240 ಎಂದು ಕೊಡಬೇಕು. ಚಲನ್, ಎರಡು ವಾಪಸಾತಿ, 12 ಪೀಸ್‌ನ ಮರುಚಲನ್ ನಮೂದಿಸಬೇಕು. ಕೊನೆಗೆ ಸ್ಟೋರ್ಸ್‌ನಲ್ಲಿ 468, ಪ್ಲೇಟಿಂಗ್‌ನವರ ಬಳಿ ಬಾಕಿ 20 ಮತ್ತು ಮರಳಿ ಹೋದ 12 ಸೇರಿ 32, ಒಟ್ಟು 500 ಬರಬೇಕು. ಬರದಿದ್ದರೆ ಹೆಚ್ಚಾಗಿ ಕಾಣುವ ತಪ್ಪು ಒಂದೇ: ರಿಜೆಕ್ಟ್ ಆದ 12 ಪೀಸನ್ನು ವಾಪಸಾತಿಯಲ್ಲಿ ಒಳ್ಳೆಯ ಸ್ಟಾಕ್‌ಗೆ ತೆಗೆದುಕೊಂಡು, ಮರುಚಲನ್‌ನಲ್ಲಿ ಕಳೆಯುವುದು ಮರೆತಿರುತ್ತಾರೆ. ಆಗ ಸ್ಟೋರ್ಸ್‌ನಲ್ಲಿ 480 ಕಾಣುತ್ತದೆ. 72.4 ಕಿಲೋದ ತೂಕವನ್ನು ಬಿಲ್ ತಾಳೆ ನೋಡಲು ಮಾತ್ರ ಬಳಸಿ, ಸ್ಟಾಕ್‌ಗೆ ಎಣಿಸಿದ ಪೀಸನ್ನೇ ತೆಗೆದುಕೊಳ್ಳುವಂತೆ ಇಟ್ಟು, ಎಷ್ಟು ವ್ಯತ್ಯಾಸ ದಾಟಿದರೆ ಎಚ್ಚರಿಸಬೇಕು ಎಂಬುದನ್ನು ಅವರನ್ನೇ ಕೇಳಬೇಕು. ಆ ಮಿತಿ ಅವರ ನಿರ್ಧಾರ, ನಾವು ಊಹಿಸಬಾರದು.

ಅಕೌಂಟೆಂಟ್‌ರಿಂದ ಬರುವ ಪ್ರಶ್ನೆ ಬಹುತೇಕ ಜಾಬ್ ವರ್ಕ್‌ಗೆ ಹೋಗಿ ಬಂದ ಮಾಲಿನ ಲೆಕ್ಕ ಕೊಡುವ ಜಿಎಸ್‌ಟಿ ಫಾರ್ಮ್ ಐಟಿಸಿ-04 ಬಗ್ಗೆ ಇರುತ್ತದೆ. ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಸಾಮಗ್ರಿ ಒಂದು ವರ್ಷದೊಳಗೆ ವಾಪಸ್ ಬರಬೇಕು ಅಥವಾ ಅಲ್ಲಿಂದಲೇ ಮಾರಾಟವಾಗಬೇಕು, ಇಲ್ಲವಾದರೆ ಕಳಿಸಿದ ದಿನವೇ ಮಾರಿದಂತೆ ಲೆಕ್ಕ. ಹಾಗಾಗಿ ಡೆಮೊ ಡೇಟಾದಲ್ಲಿ 11 ತಿಂಗಳು ಹಳೆಯ ಒಂದು ಚಲನ್ ಇರಲಿ. ಅವರು ಕೇಳದಿದ್ದರೂ ಅದು ಬಾಕಿ ಪಟ್ಟಿಯಲ್ಲಿ ಕಾಣುತ್ತದೆ.

ಬುಧವಾರ ಮಧ್ಯಾಹ್ನ ಒಂದು ಉತ್ತರ ಕಳಿಸಬೇಕು. ಬಂದ ಪ್ರಶ್ನೆಗಳನ್ನು ಕೇಳಿದವರ ಹೆಸರಿನ ಸಮೇತ ಪಟ್ಟಿ ಮಾಡಿ, ಪ್ರತಿಯೊಂದರ ಎದುರು 'ಮಾಡಿ ತೋರಿಸುತ್ತೇವೆ', 'ಬರೆದು ಕೊಡುತ್ತೇವೆ' ಅಥವಾ 'ಈಗಿನ ಆವೃತ್ತಿಯಲ್ಲಿ ಇಲ್ಲ' ಎಂದು ಬರೆಯಬೇಕು. ಇಲ್ಲದ್ದನ್ನು ಇಲ್ಲ ಎಂದು ಬುಧವಾರವೇ ಹೇಳಿಬಿಡುವುದು ನ್ಯಾಯ. ಅದಕ್ಕಾಗಿಯೇ ಅರ್ಧ ದಿನ ಬಿಟ್ಟು ಬರುವವರಿದ್ದರೆ ಅವರ ಹೊತ್ತು ಉಳಿಯುತ್ತದೆ. ತಮ್ಮ ಹೆಸರಿನ ಪ್ರಶ್ನೆ ಪಟ್ಟಿಯಲ್ಲಿ ಕಂಡವರು ಡೆಮೊ ತಪ್ಪಿಸುವುದು ಅಪರೂಪ, ಆದ್ದರಿಂದ ಮತ್ತೆ 'ಬರುತ್ತೀರಲ್ಲ' ಎಂದು ಕೇಳುವ ಪ್ರಮೇಯ ಬರುವುದಿಲ್ಲ.

ಸೋಮವಾರ ಸಂಜೆಯಾದರೂ ಏನೂ ಬಾರದಿದ್ದರೆ ಎರಡನೇ ಮೇಲ್ ಕಳಿಸುವುದು ವ್ಯರ್ಥ, ಫೋನ್ ಮಾಡಬೇಕು. ಮಾಲೀಕರಿಗೆ ಮಾಡಿ, 'ಸರ್, ಪ್ಲೇಟಿಂಗ್ ಚಲನ್ ನೋಡಿಕೊಳ್ಳುವವರ ಹತ್ತಿರ ಐದು ನಿಮಿಷ ಮಾತಾಡಬಹುದಾ, ತಾವೇ ಒಂದು ಮಾತು ಹೇಳಿಬಿಡಿ' ಎಂದು ಕೇಳಿ. ಅವರನ್ನು ದಾಟಿ ನೇರವಾಗಿ ಸ್ಟೋರ್ಸ್‌ಗೆ ಫೋನ್ ಮಾಡಿದರೆ ಸ್ಟೋರ್ಸ್‌ನವರು ಬಾಯಿ ಬಿಡುವುದಿಲ್ಲ, ಬಿಡಲೂಬಾರದು. ಲೈನ್ ಸಿಕ್ಕ ಮೇಲೆ 'ಏನಾದರೂ ಪ್ರಶ್ನೆ ಇದೆಯಾ' ಎನ್ನದೆ 'ಅಣ್ಣ, ಪ್ಲೇಟಿಂಗ್‌ನಿಂದ ಬಂದ ಮಾಲು ಎಣಿಸಿ ತಗೋತೀರಾ, ತೂಗಿ ತಗೋತೀರಾ?' ಎಂದು ಶುರು ಮಾಡಿ. ಉಳಿದದ್ದನ್ನು ಅವರೇ ಹೇಳುತ್ತಾರೆ, ಬರೆದುಕೊಳ್ಳಲು ಪುಸ್ತಕ ತೆರೆದಿರಲಿ.

ಬುಧವಾರ ಸಂಜೆಗೂ ಸ್ಟೋರ್ಸ್‌ನವರ ಹೆಸರು ಬಂದಿಲ್ಲ, ಮಾಲೀಕರು 'ನೀವು ಬನ್ನಿ, ನಾನಿದ್ದೀನಲ್ಲ' ಎನ್ನುತ್ತಿದ್ದಾರೆ ಎಂದರೆ ಜಾಬ್ ವರ್ಕ್ ಭಾಗವನ್ನು ಶುಕ್ರವಾರಕ್ಕೆ ಹಾಕಿ, ಗುರುವಾರ ಬಿಲ್ಲಿಂಗ್ ಮತ್ತು ಖರ್ಚಿನ ಭಾಗ ಮಾತ್ರ ಮುಗಿಸಿಕೊಳ್ಳಿ.